ರಿಪೋರ್ಟ್‌ನಲ್ಲಿ ‘ಸಿಸ್ಟ್’ ಅಂತ ಇದ್ದರೆ ಅಷ್ಟಕ್ಕೇ ನಿಲ್ಲಿಸಬೇಡಿ

ಹೋದ ವರ್ಷ ನಮ್ಮ ಅಪ್ಪನ ಬಲಗಡೆ ಕಿಡ್ನಿಯನ್ನು ಪೂರ್ತಿ ತೆಗೆದರು. ಅದಕ್ಕೂ ಎರಡು ವರ್ಷ ಮೊದಲೇ ಅದರ ಸುಳಿವು ರಿಪೋರ್ಟ್‌ನಲ್ಲಿ ಬರೆದಿತ್ತು. ನಾವು ಒಂದೇ ಒಂದು ಪದ ಓದಿ ಫೈಲ್ ಮುಚ್ಚಿಟ್ಟಿದ್ದೆವು.

ಅಪ್ಪನಿಗೆ ಆಗ 59. ಊಟ ಆದಮೇಲೆ ಹೊಟ್ಟೆ ಉಬ್ಬರ ಬರುತ್ತಿತ್ತು. ಪಿತ್ತಕೋಶದಲ್ಲಿ ಕಲ್ಲಿದೆಯಾ ಅಂತ ನೋಡಲು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆವು. ಕಲ್ಲು ಇರಲಿಲ್ಲ. ಬಲಗಡೆ ಕಿಡ್ನಿಯಲ್ಲಿ ಮಾತ್ರ 3.2 ಸೆಂ.ಮೀ. ಅಗಲದ ಏನೋ ಕಂಡಿತ್ತು. ‘ಇಂಟರ್ನಲ್ ಎಕೋಸ್ ಇವೆ, ಕಾಂಪ್ಲೆಕ್ಸ್ ಸಿಸ್ಟ್ ಇರಬಹುದು, ಕಾಂಟ್ರಾಸ್ಟ್ ಸಿಟಿ ಮಾಡಿಸಿ’ ಎಂಬ ಅರ್ಥದ ಸಾಲು ಎರಡನೇ ಪುಟದ ತುದಿಯಲ್ಲಿತ್ತು. ಕಾಂಟ್ರಾಸ್ಟ್ ಸಿಟಿ ಅಂದರೆ ರಕ್ತನಾಳಕ್ಕೆ ಒಂದು ಔಷಧಿ ಕೊಟ್ಟು ಮಾಡುವ ಸಿಟಿ ಸ್ಕ್ಯಾನ್.

ತೋರಿಸಿದ ಡಾಕ್ಟರು ಮೊದಲ ಪುಟ ನೋಡಿ, “ಸಿಸ್ಟ್ ಅಷ್ಟೇ, ಈ ವಯಸ್ಸಲ್ಲಿ ತುಂಬಾ ಜನಕ್ಕೆ ಇರುತ್ತೆ” ಅಂದರು. ಗ್ಯಾಸ್ ಮಾತ್ರೆ ಬರೆದುಕೊಟ್ಟರು. ನಮಗೂ ನಂಬಿಕೆ ಬಂತು. ಯಾಕೆಂದರೆ ನಮ್ಮ ಚಿಕ್ಕಮ್ಮನಿಗೆ 4.5 ಸೆಂ.ಮೀ. ಸಿಸ್ಟ್ ಇದ್ದು ಹತ್ತು ವರ್ಷವಾಗಿದೆ, ಏನೂ ಆಗಿಲ್ಲ. ಅಪ್ಪನದು ಅದಕ್ಕಿಂತ ಚಿಕ್ಕದು, ಅಲ್ವಾ?

ಇಲ್ಲೇ ನಾವು ಎಡವಿದ್ದು. ಗಾತ್ರ ನೋಡಿ ಇದನ್ನು ನಿರ್ಧರಿಸಲು ಬರುವುದಿಲ್ಲ. ಒಳಗೆ ಏನಿದೆ ಅನ್ನೋದೇ ಮುಖ್ಯ. ಚಿಕ್ಕಮ್ಮನ ರಿಪೋರ್ಟ್ ಆಮೇಲೆ ತೆಗೆದು ನೋಡಿದೆ. ಅದರಲ್ಲಿ ‘ಅನೆಕೋಯಿಕ್’, ‘ತೆಳು ಗೋಡೆ’, ‘ಸಿಂಪಲ್ ಸಿಸ್ಟ್’ ಅಂತ ಸ್ಪಷ್ಟವಾಗಿ ಬರೆದಿದೆ. ಅದು ಬರೀ ನೀರುಗುಳ್ಳೆ. ಸ್ಕ್ಯಾನಿಂಗ್‌ನ ಶಬ್ದದ ಅಲೆ ನೀರಿನೊಳಗೆ ತಡೆಯಿಲ್ಲದೆ ಹೋಗುತ್ತದೆ. ಹಾಗಾಗಿ ಗುಳ್ಳೆ ಪೂರ್ತಿ ಕಪ್ಪಾಗಿ, ದುಂಡಗೆ ಕಾಣುತ್ತದೆ. ಅದರ ಹಿಂಭಾಗ ಬೆಳ್ಳಗೆ ಹೊಳೆಯುತ್ತದೆ. ಇಂಥದ್ದು ಕ್ಯಾನ್ಸರ್ ಅಲ್ಲ. ನೋವು, ಸೋಂಕು ಇಲ್ಲದಿದ್ದರೆ ಸುಮ್ನೆ ಬಿಡಬಹುದು. ಅಪ್ಪನದರಲ್ಲಿ ಒಳಗೆ ಬೂದು ಬಣ್ಣ ಇತ್ತು, ಇಂಟರ್ನಲ್ ಎಕೋಸ್ ಅಂದರೆ ಅದೇ. ಅಂದರೆ ಅಲ್ಲಿ ನೀರಲ್ಲದೆ ಬೇರೇನೋ ಇರಬಹುದು. ಅದು ಗಟ್ಟಿ ಗಡ್ಡೆಯೂ ಆಗಿರಬಹುದು, ಒಳಗೆ ರಕ್ತ ಸೋರಿದ ಸಿಸ್ಟ್ ಕೂಡ ಆಗಿರಬಹುದು. ಸ್ಕ್ಯಾನಿಂಗ್ ಒಂದರಿಂದಲೇ ಹೇಳಲಾಗದು ಅಂತಲೇ ರಿಪೋರ್ಟ್ ಬರೆದವರು ಸಿಟಿ ಮಾಡಿಸಿ ಅಂದಿದ್ದು.

ಎರಡು ವರ್ಷದ ನಂತರ ಒಂದು ಬೆಳಿಗ್ಗೆ ಅಪ್ಪ ಬಚ್ಚಲಿನಿಂದ ಕೂಗಿದರು. ಮೂತ್ರ ಬೀಟ್‌ರೂಟ್ ತೊಳೆದ ನೀರಿನ ಬಣ್ಣದಲ್ಲಿತ್ತು. ನೋವು ಸ್ವಲ್ಪವೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂತ್ರ ತಾನಾಗೇ ತಿಳಿಯಾಯಿತು. “ಸರಿಹೋಯ್ತಲ್ಲ, ಬಿಡೋ” ಅಂದರು ಅಪ್ಪ. ಈ ಸಲ ನಾನು ಬಿಡಲಿಲ್ಲ.

ಕಲ್ಲು ಇರಬಹುದು ಅಂತ ಮೊದಲು ಕಾಂಟ್ರಾಸ್ಟ್ ಇಲ್ಲದ ಸಿಟಿ ಮಾಡಿದರು. ಕಲ್ಲಿಲ್ಲ. ಆದರೆ ಗಡ್ಡೆ 5.1 ಸೆಂ.ಮೀ. ಆಗಿತ್ತು. ಆಮೇಲೆ ಯೂರಾಲಜಿಸ್ಟ್ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ನೋಡಿಕೊಂಡು ಕಾಂಟ್ರಾಸ್ಟ್ ಸಿಟಿ ಬರೆದರು. ಅದರ ಲೆಕ್ಕವನ್ನು ಅವರು ಪರದೆಯ ಮೇಲೆ ತೋರಿಸಿದರು. ಸಿಟಿಯಲ್ಲಿ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಯೂನಿಟ್‌ನಲ್ಲಿ ಅಳೆಯುತ್ತಾರೆ. ಶುದ್ಧ ನೀರು ಸೊನ್ನೆ. ನೀರುಗುಳ್ಳೆ ಸಾಮಾನ್ಯವಾಗಿ 20ರ ಒಳಗೆ ಇರುತ್ತದೆ, ಔಷಧಿ ಕೊಟ್ಟಮೇಲೂ ಏರುವುದಿಲ್ಲ. ಅಪ್ಪನ ಗಡ್ಡೆ ಮೊದಲು 36 ಇತ್ತು, ಔಷಧಿ ರಕ್ತಕ್ಕೆ ಹೋದಮೇಲೆ 104ಕ್ಕೆ ಏರಿತು. 20ಕ್ಕಿಂತ ಜಾಸ್ತಿ ಏರಿದರೆ ಒಳಗೆ ರಕ್ತ ಓಡಾಡುತ್ತಿದೆ, ಅದು ಜೀವಂತ ಗಡ್ಡೆ ಎಂದೇ ಅರ್ಥ. ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ಈ ಏರಿಕೆ ಕಾಣುವುದೇ ಇಲ್ಲ.

ಗಟ್ಟಿ ಗಡ್ಡೆ ಎಲ್ಲವೂ ಕ್ಯಾನ್ಸರ್ ಅಲ್ಲ. ಒಳಗೆ ಕೊಬ್ಬು ಕಂಡರೆ ಅದು ಹೆಚ್ಚಾಗಿ ಆಂಜಿಯೋಮಯೋಲಿಪೋಮಾ ಎಂಬ ನಿರಪಾಯದ ಗಡ್ಡೆ. 4 ಸೆಂ.ಮೀ. ಒಳಗಿನ ಗಟ್ಟಿ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಆಗಿರುವುದಿಲ್ಲ. ಹೀಗಾಗಿ ಕೆಲವರಿಗೆ ಮೊದಲು ಬಯಾಪ್ಸಿ ಮಾಡುತ್ತಾರೆ, ವಯಸ್ಸಾದವರಲ್ಲಿ ಚಿಕ್ಕ ಗಡ್ಡೆಯನ್ನು ಸ್ಕ್ಯಾನ್ ಮಾಡುತ್ತಾ ಕಾಯುವುದೂ ಉಂಟು. ಅಪ್ಪನದು ಕ್ಲಿಯರ್ ಸೆಲ್ ಕ್ಯಾನ್ಸರ್ ಅಂತ ಆಪರೇಷನ್ ನಂತರ ಖಚಿತವಾಯಿತು. ಹರಡಿರಲಿಲ್ಲ. ಆದರೆ ಗಡ್ಡೆ ಒಳಮುಖವಾಗಿ ದೊಡ್ಡ ರಕ್ತನಾಳಗಳ ಹತ್ತಿರ ಬೆಳೆದಿತ್ತು. 3.2 ಸೆಂ.ಮೀ. ಇದ್ದಾಗಲೇ ಬಂದಿದ್ದರೆ ಬಹುಶಃ ಗಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸಬಹುದಿತ್ತು ಅಂದರು ಡಾಕ್ಟರು. ಆ ಮಾತು ಇನ್ನೂ ಕೊರೆಯುತ್ತದೆ.

ಆ ಎರಡು ವರ್ಷದಲ್ಲಿ ಅಪ್ಪನ ಕ್ರಿಯಾಟಿನಿನ್ ಸರಿಯಾಗೇ ಇತ್ತು. ಅದನ್ನು ನೋಡಿ ನಾವು ಸಮಾಧಾನಪಟ್ಟುಕೊಂಡಿದ್ದೆವು. ಆ ಪರೀಕ್ಷೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುತ್ತದೆ, ಒಳಗೆ ಗಡ್ಡೆ ಇದೆಯಾ ಅಂತ ಹೇಳುವುದಿಲ್ಲ.

ನಿಮ್ಮ ಮನೆಯ ಹಳೆಯ ಸ್ಕ್ಯಾನಿಂಗ್ ರಿಪೋರ್ಟ್‌ಗಳನ್ನು ಇವತ್ತೇ ತೆಗೆದು ಕೊನೆಯ ಪುಟದವರೆಗೆ ಓದಿ. ಕಾಂಪ್ಲೆಕ್ಸ್, ಸಾಲಿಡ್, ಸೆಪ್ಟೇಷನ್, ಇಂಟರ್ನಲ್ ಎಕೋಸ್, ಸಜೆಸ್ಟ್ ಸಿಟಿ, ಇವುಗಳಲ್ಲಿ ಯಾವುದಾದರೂ ಇದ್ದರೆ ಆ ಪುಟವನ್ನೇ ಯೂರಾಲಜಿಸ್ಟ್ ಮುಂದಿಡಿ.