ಲಾಕರ್ ಖಾಲಿ ಮಾಡಿದ ಮಾತ್ರಕ್ಕೆ ಬಾಡಿಗೆ ನಿಲ್ಲಲ್ಲ: ಮಂಡ್ಯದಲ್ಲಿ ನಮಗಾದ ಪಾಡು

ಬ್ಯಾಂಕ್ ಲಾಕರ್ ಬಿಡಬೇಕು ಅಂತ ಯೋಚಿಸುತ್ತಿರುವವರು ಇದನ್ನು ಒಮ್ಮೆ ಓದಿ. ಒಡವೆ ತೆಗೆದುಕೊಂಡು, ಕೀ ಕೊಟ್ಟು, 'ಮುಗೀತು' ಅಂದುಕೊಂಡು ಬಂದವನು ನಾನು. ಮುಗಿದಿರಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಅವ್ವನ ಖಾತೆಯಿಂದ ಇಡೀ ವರ್ಷದ ಬಾಡಿಗೆ ಕಟ್ ಆಯಿತು.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಅವ್ವ ಮಂಡ್ಯ ಪಕ್ಕದ ಊರಿನಲ್ಲಿ. ಲಾಕರ್ ಇದ್ದದ್ದು ಮಂಡ್ಯದ ಒಂದು ಬ್ಯಾಂಕಿನಲ್ಲಿ, ಹೆಸರು ಬೇಡ ಬಿಡಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ನನ್ನ ಹೆಸರಿನಲ್ಲಿ ಜಂಟಿಯಾಗಿ ಮಾಡಿಸಿದ್ದೆವು, ಇಬ್ಬರಲ್ಲಿ ಯಾರು ಬೇಕಾದರೂ ಹೋಗಿ ತೆಗೆಯಬಹುದು ಅಂತ. ಬಾಡಿಗೆ ಅವ್ವನ ಉಳಿತಾಯ ಖಾತೆಯಿಂದ ತಾನಾಗಿಯೇ ಹೋಗುತ್ತಿತ್ತು. ವರ್ಷಕ್ಕೆ 3,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 3,540. ತಂಗಿಯ ಮದುವೆ ಆದ ಮೇಲೆ ಅರ್ಧ ಒಡವೆ ಅವಳ ಜೊತೆ ಹೋಯಿತು. ಉಳಿದದ್ದಕ್ಕೆ ಅಷ್ಟು ದೊಡ್ಡ ಲಾಕರ್ ಯಾಕೆ, ಮೈಸೂರಿನಲ್ಲೇ ಒಂದು ಚಿಕ್ಕದು ಸಾಕು ಅನ್ನಿಸಿತು. ಆಷಾಢದಲ್ಲಿ ಚಿನ್ನ ಜಾಗ ಬದಲಿಸುವುದು ಬೇಡ ಅಂತ ಅವ್ವ ಪಟ್ಟು ಹಿಡಿದಳು, ಅದಕ್ಕೇ ಒಂದು ತಿಂಗಳು ಹೋಯಿತು. ಕೊನೆಗೆ ಹೋದ ವರ್ಷ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ವಾರ, ಭಾವನ ಕಾರಿನಲ್ಲಿ ನಾವಿಬ್ಬರೇ ಹೋದೆವು. ಅವ್ವ ಬರಲಿಲ್ಲ. ಅಲ್ಲೇ ನೋಡಿ ಮೊದಲ ತಪ್ಪು.

ಲಾಕರ್ ತೆಗೆಯುವುದು ಸಲೀಸಾಗಿಯೇ ಆಯಿತು. ರಿಜಿಸ್ಟರ್‌ನಲ್ಲಿ ಸಹಿ ಹಾಕಿ ಸಮಯ ಬರೆದೆ, ಅಧಿಕಾರಿ ಬಂದು ಬ್ಯಾಂಕಿನ ಕೀ ತಿರುಗಿಸಿದರು, ಆಮೇಲೆ ನನ್ನ ಕೀ ಹಾಕಿ ತೆಗೆದೆ, ಅವರು ಹೊರಗೆ ಹೋದರು. ಒಡವೆ ಡಬ್ಬಿ, ಹಳೇ ಕ್ರಯಪತ್ರ, ಅಪ್ಪನ ಎಲ್‌ಐಸಿ ಪೇಪರು ಎಲ್ಲ ಚೀಲಕ್ಕೆ ಹಾಕಿಕೊಂಡೆ. ಒಂದು ಮಾತು. ಲಾಕರ್ ಉದ್ದಕ್ಕೆ ಒಳಗೆ ಹೋಗಿರುತ್ತದೆ, ಕೆಳಗಿನ ಸಾಲಿನದಾದರಂತೂ ಹಿಂದಿನ ಮೂಲೆ ಕಣ್ಣಿಗೆ ಕಾಣುವುದೇ ಇಲ್ಲ. ಮೊಬೈಲ್ ಟಾರ್ಚ್ ಹಚ್ಚಿ, ಕೈ ಹಾಕಿ ತಡವಿ ನೋಡಿ. ನನಗೆ ಹಿಂದುಗಡೆ ಹತ್ತಿಯಲ್ಲಿ ಸುತ್ತಿದ್ದ ಒಂದು ಜೊತೆ ಕಾಲುಂಗುರ ಸಿಕ್ಕಿತು. ಅವ್ವ ಅದನ್ನು ನಾಲ್ಕು ವರ್ಷದಿಂದ ಮನೆಯಲ್ಲೆಲ್ಲ ಹುಡುಕುತ್ತಿದ್ದಳು.

ಹೊರಗೆ ಬಂದು ಲಾಕರ್ ಬಿಡುತ್ತೇವೆ ಅಂದೆ. ಕೌಂಟರಿನಲ್ಲಿದ್ದವರು ಒಂದು ಸರೆಂಡರ್ ಫಾರಂ ಕೊಟ್ಟರು, ತುಂಬಿ ಸಹಿ ಹಾಕಿದೆ. 'ಮ್ಯಾನೇಜರ್ ರಜೆ ಸಾರ್, ಕೀ ಕೊಟ್ಟು ಹೋಗಿ, ನಾನೇ ಮಾಡಿಸ್ತೀನಿ ಬಿಡಿ' ಅಂದರು. ಅವರ ಮಾತಿನಲ್ಲಿ ಮೋಸ ಏನೂ ಇರಲಿಲ್ಲ, ಈಗಲೂ ಹಾಗೇ ಅಂದುಕೊಳ್ಳುತ್ತೇನೆ. ಚಿನ್ನ ಇಟ್ಟುಕೊಂಡು ರಸ್ತೆಯಲ್ಲಿ ಹೋಗಬೇಕಲ್ಲ, ಬೇಗ ಮೈಸೂರು ಸೇರಿಕೊಂಡರೆ ಸಾಕಾಗಿತ್ತು ನನಗೆ. ಕೀ ಕೊಟ್ಟೆ. ಒಂದು ರಸೀದಿ, ಒಂದು ಸೀಲು, ಏನೂ ಕೇಳಲಿಲ್ಲ. ಸಂಜೆ ಮೊಬೈಲಿಗೆ 'ನಿಮ್ಮ ಲಾಕರ್ ಇಂದು ತೆರೆಯಲಾಗಿದೆ' ಅನ್ನುವ ಅರ್ಥದ ಎಸ್ಎಂಎಸ್ ಬಂತು. ಲಾಕರ್ ತೆರೆದ ದಿನವೇ ಗ್ರಾಹಕನಿಗೆ ಹಾಗೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ನಾನು ದಡ್ಡ, ಅದನ್ನೇ ಲಾಕರ್ ಮುಚ್ಚಿದ ಸುದ್ದಿ ಅಂದುಕೊಂಡೆ. ತೆರೆದದ್ದಕ್ಕೆ ಬರುವ ಮೆಸೇಜು ಬೇರೆ, ಬಿಟ್ಟುಕೊಟ್ಟದ್ದು ಬೇರೆ.

ಈ ಏಪ್ರಿಲ್‌ನಲ್ಲಿ ಅವ್ವನ ಫೋನು. 'ಏನ್ಲಾ ಇದು, ಗೃಹಲಕ್ಷ್ಮಿ ದುಡ್ಡು ಎರಡು ಸಾವಿರ ಬಂದದೆ ಅಂತ ಮೆಸೇಜು ಬಂದದೆ, ಬ್ಯಾಂಕಿಗೋದ್ರೆ ಮುನ್ನೂರ ಮೂವತ್ತು ರೂಪಾಯಿ ಅದೆ ಅಂತಾವ್ರೆ.' ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿದರೆ ವಿಷಯ ಗೊತ್ತಾಯಿತು. ಏಪ್ರಿಲ್ ಮೊದಲ ವಾರ ಖಾತೆಯಲ್ಲಿ 1,870 ಇತ್ತು. ಲಾಕರ್ ಬಾಡಿಗೆ ಅಂತ ಅಷ್ಟೂ ಹೋಗಿ ಸೊನ್ನೆ ಆಗಿದೆ. ಬಾಕಿ 1,670. ಗೃಹಲಕ್ಷ್ಮಿ ಹಣ ಬಿದ್ದ ದಿನ ಆ ಬಾಕಿಯೂ ಕಟ್. ಉಳಿದದ್ದು 330.

ಮೊದಲು ನನಗೆ ಹೊಳೆದದ್ದು ಆಟೋ ಡೆಬಿಟ್ ನಿಲ್ಲಿಸೋಣ ಅಂತ. ಫೋನಿನಲ್ಲಿ ಯುಪಿಐ ಆ್ಯಪ್ ತೆಗೆದು ಆಟೋಪೇ ಪಟ್ಟಿ ನೋಡಿದೆ, ಬ್ಯಾಂಕಿನ ಆ್ಯಪ್‌ನಲ್ಲಿ ಮ್ಯಾಂಡೇಟ್ ಅಂತ ಇರುವ ಕಡೆಯೆಲ್ಲ ನೋಡಿದೆ. ಎಲ್ಲೂ ಇಲ್ಲ. ಆಮೇಲೆ ಗೊತ್ತಾಯಿತು, ಇರುವುದೂ ಇಲ್ಲ. ಇದು ಬೇರೆ ಕಂಪನಿ ನಮ್ಮ ಖಾತೆಯಿಂದ ಹಣ ಎಳೆದುಕೊಳ್ಳುವ ವ್ಯವಸ್ಥೆ ಅಲ್ಲ. ಅದೇ ಬ್ಯಾಂಕು ತನ್ನಲ್ಲೇ ಇರುವ ನಮ್ಮ ಖಾತೆಯಿಂದ ತಾನೇ ತೆಗೆದುಕೊಳ್ಳುವುದು, ಲಾಕರ್ ಕೊಡುವಾಗ ನಾವೇ ಸಹಿ ಹಾಕಿದ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್. ಲಾಕರ್ ನಂಬರಿಗೆ ಆ ಖಾತೆ ಗಂಟು ಹಾಕಿಕೊಂಡಿರುತ್ತದೆ. ನಮ್ಮದರಲ್ಲಿ ಅದನ್ನು ಬಿಚ್ಚಲು ಆದದ್ದು ಶಾಖೆಯವರಿಗೆ ಮಾತ್ರ, ಅದೂ ಲಾಕರ್ ಸರೆಂಡರ್ ಆದ ಮೇಲೆ. ಖಾತೆಯಲ್ಲಿ ಹಣವೇ ಇಡದಿದ್ದರೆ ಆಯಿತಲ್ವಾ ಅಂತ ಭಾವ ಹೇಳಿದರು. ಅದೂ ಉಪಯೋಗವಿಲ್ಲ. ಬಾಕಿ ಬೆಳೆಯುತ್ತಾ ಹೋಗುತ್ತದೆ, ಯಾವ ಹಣ ಬಿದ್ದರೂ ಅದಕ್ಕೇ ಹೋಗುತ್ತದೆ. ಮೂರು ವರ್ಷ ಸತತವಾಗಿ ಬಾಡಿಗೆ ಬರದಿದ್ದರೆ ನೋಟಿಸು ಕೊಟ್ಟು ಲಾಕರ್ ಒಡೆಯುವ ಅಧಿಕಾರ ಬ್ಯಾಂಕಿಗಿದೆ, ಒಡೆದ ಖರ್ಚೂ ನಮ್ಮ ತಲೆಗೇ. ಒಳಗೆ ಏನೂ ಇಲ್ಲದ ಪೆಟ್ಟಿಗೆ ಒಡೆಸಲು ದುಡ್ಡು ಕೊಡುವುದು!

ಮಂಡ್ಯಕ್ಕೆ ಹೋದೆ. ಹಳಬರು ವರ್ಗವಾಗಿ ಹೋಗಿದ್ದರು. ಹೊಸಬರು ಕಂಪ್ಯೂಟರ್ ನೋಡಿ 'ನಿಮ್ಮ ಲಾಕರ್ ಇನ್ನೂ ಚಾಲ್ತಿಯಲ್ಲೇ ಇದೆ' ಅಂದರು. ಕೀ ಇಲ್ಲೇ ಕೊಟ್ಟಿದ್ದೇನೆ ಅಂದೆ. ರಸೀದಿ ಕೊಡಿ ಅಂದರು. ಎಲ್ಲಿಂದ ಕೊಡಲಿ? ಅರ್ಧ ಗಂಟೆ ಹುಡುಕಿದ ಮೇಲೆ ಒಂದು ಡ್ರಾಯರಿನಲ್ಲಿ ನನ್ನ ಫಾರಂ ಸಿಕ್ಕಿತು, ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಕೀ ಕವರು. ಫಾರಂ ಮೇಲೆ ಪೆನ್ಸಿಲ್‌ನಲ್ಲಿ ಬರೆದಿತ್ತು, ಎರಡನೆಯವರ ಸಹಿ ಬಾಕಿ ಅಂತ. ಎಂಟು ತಿಂಗಳು ಒಂದು ಫೋನ್ ಇಲ್ಲ.

ಕಾರಣ ಇಷ್ಟೇ. ಲಾಕರ್ ತೆರೆಯಲು ಇಬ್ಬರಲ್ಲಿ ಒಬ್ಬರು ಸಾಕು. ಬಿಡಲು ಇಬ್ಬರ ಸಹಿಯೂ ಬೇಕು, ಕರಾರು ಇಬ್ಬರ ಹೆಸರಿನಲ್ಲಿದೆಯಲ್ಲ. 2023ರ ಕೊನೆಯೊಳಗೆ ಹಳೇ ಗ್ರಾಹಕರೆಲ್ಲ ಹೊಸ ಕರಾರಿಗೆ ಸಹಿ ಹಾಕಬೇಕು ಅಂತ ಬಂದಿತ್ತಲ್ಲ, ಆಗ ನಾವೂ ಸ್ಟಾಂಪ್ ಪೇಪರಿನ ಮೇಲೆ ಹಾಕಿದ್ದೆವು, ಅದರ ಪ್ರತಿಯೂ ಮನೆಯಲ್ಲಿತ್ತು. ಯಾರು ಓದುತ್ತಾರೆ ಹೇಳಿ.

ಮಾರನೇ ವಾರ ಅವ್ವನನ್ನು ಕರೆದುಕೊಂಡು ಹೋದೆ. ಅವಳ ಸಹಿ ತಾಳೆಯಾಗಲಿಲ್ಲ. ಖಾತೆ ತೆರೆದಾಗಿನ ಸಹಿ ಬೇರೆ, ಈಗ ಕೈ ನಡುಗುತ್ತದೆ. ಆಧಾರ್, ಫೋಟೋ ಕೊಟ್ಟು ಹೊಸ ಸಹಿ ದಾಖಲು ಮಾಡಿಸುವುದರಲ್ಲೇ ಮಧ್ಯಾಹ್ನ ಆಯಿತು. ವಯಸ್ಸಾದವರ ಜಂಟಿ ಲಾಕರ್ ಇದ್ದರೆ ಇದನ್ನು ಮೊದಲೇ ಮಾಡಿಸಿಕೊಂಡುಬಿಡಿ. ಆಮೇಲೆ ಅಧಿಕಾರಿ ನಮ್ಮೆದುರೇ ಲಾಕರ್ ತೆಗೆದು ಖಾಲಿ ಇದೆ ಅಂತ ನೋಡಿ, ಕೀ ಮೇಲಿನ ನಂಬರ್ ತಾಳೆ ಮಾಡಿ, ಕಂಪ್ಯೂಟರಿನಲ್ಲಿ ಸರೆಂಡರ್ ಅಂತ ಹಾಕಿದರು. ಸರಿಯಾಗಿ ಮಾಡಿದರೆ ಇಪ್ಪತ್ತು ನಿಮಿಷದ ಕೆಲಸ.

ಇನ್ನು ಹಣದ ವಿಷಯ. ಬಾಡಿಗೆ ಮುಂಗಡವಾಗಿ ತೆಗೆದುಕೊಂಡಿದ್ದು, ಗ್ರಾಹಕ ನಡುವೆ ಲಾಕರ್ ಬಿಟ್ಟರೆ, ಉಳಿದ ಅವಧಿಯ ಪಾಲನ್ನು ವಾಪಸ್ ಕೊಡಬೇಕು. ಇದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿ 2022ರ ಜನವರಿಯಿಂದ ಜಾರಿಗೆ ತಂದ ಲಾಕರ್ ನಿಯಮದಲ್ಲೇ ಇದೆ. ಬಾಯಲ್ಲಿ ಕೇಳಿದರೆ 'ಹಾಗೆಲ್ಲ ಬರಲ್ಲ ಸಾರ್' ಅಂತಾರೆ, ಬರೆದುಕೊಡಿ. ನಾನು ಮ್ಯಾನೇಜರಿಗೆ ಬರೆದದ್ದು ಹೀಗೆ: ಕೀ ಆಗಸ್ಟ್‌ನಿಂದ ನಿಮ್ಮ ಡ್ರಾಯರಿನಲ್ಲಿದೆ, ಫಾರಂ ಮೇಲೆ ತಾರೀಖಿದೆ, ರಿಜಿಸ್ಟರ್‌ನಲ್ಲಿ ಆ ದಿನದ ನಂತರ ಲಾಕರ್ ತೆರೆದ ದಾಖಲೆ ಇಲ್ಲ, ಆದ್ದರಿಂದ ಈ ವರ್ಷದ 3,540 ಪೂರ್ತಿ, ಹೋದ ವರ್ಷದ ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಏಳು ತಿಂಗಳಿನ ಬಾಡಿಗೆ, ಜಿಎಸ್‌ಟಿ ಬಿಟ್ಟು, 1,750 ವಾಪಸ್ ಕೊಡಿ. ಅದನ್ನೇ ಬ್ಯಾಂಕಿನ ದೂರು ವಿಭಾಗಕ್ಕೂ ಹಾಕಿ ದೂರು ಸಂಖ್ಯೆ ಇಟ್ಟುಕೊಂಡೆ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಇದನ್ನೂ ಪತ್ರದ ಕೊನೆಯ ಸಾಲಿನಲ್ಲಿ ಬರೆದಿದ್ದೆ.

ಇಪ್ಪತ್ತೆರಡನೇ ದಿನ 3,540 ವಾಪಸ್ ಬಂತು. 1,750 ಬರಲಿಲ್ಲ. ಫಾರಂ ಅಪೂರ್ಣ ಇದ್ದುದರಿಂದ ಅಂದಿಗೆ ಸರೆಂಡರ್ ಆಗಿರಲಿಲ್ಲ ಅಂತ ಉತ್ತರ. ಫಾರಂ ಅಪೂರ್ಣ ಅಂತ ಆಗಲೇ ಹೇಳಿದ್ದರೆ ಮರುದಿನವೇ ಅವ್ವನನ್ನು ಕರೆತರುತ್ತಿದ್ದೆ ಅಂತ ವಾದಿಸಬಹುದಿತ್ತು. ಆದರೆ ಫಾರಂ ಕೊಟ್ಟಿದ್ದಕ್ಕೆ ನನ್ನ ಕೈಯಲ್ಲಿ ಅವರ ಸೀಲಿರುವ ಪ್ರತಿ ಇರಲಿಲ್ಲ. ಬಿಟ್ಟೆ. ಅವತ್ತು ಎರಡು ನಿಮಿಷ ನಿಂತು ಒಂದು ಜೆರಾಕ್ಸ್ ಮೇಲೆ ಸೀಲು ಹಾಕಿಸಿಕೊಂಡಿದ್ದರೆ ಕೊರತೆ ಅಲ್ಲೇ ಕಂಡುಹೋಗುತ್ತಿತ್ತು. ಈ ಸಲ ಮಾತ್ರ ಪತ್ರ ಕೈಗೆ ಸಿಗುವ ತನಕ ಏಳಲಿಲ್ಲ. ಲಾಕರ್ ನಂಬರ್, ಕೀ ನಂಬರ್, ಸರೆಂಡರ್ ತಾರೀಖು, ಬಾಕಿ ಇಲ್ಲ, ಈ ಖಾತೆಯಿಂದ ಬಾಡಿಗೆ ಕಡಿತ ರದ್ದು, ಇಷ್ಟೂ ಅದರಲ್ಲಿದೆ.

ಖಾತೆಯನ್ನೂ ಮುಚ್ಚುವ ಯೋಚನೆ ಇದ್ದವರು ಲಾಕರ್ ಬಾಡಿಗೆ ವಾಪಸ್ ಬಂದ ಮೇಲೆ ಮುಚ್ಚಿ, ಇಲ್ಲದಿದ್ದರೆ ಆ ಹಣ ಎಲ್ಲಿಗೆ ಹಾಕಬೇಕು ಅಂತ ಇನ್ನೊಂದು ಓಡಾಟ.

ಇಷ್ಟಾದ ಮೇಲೂ ಒಂದು ಬಾಲ ಉಳಿದಿತ್ತು. ಲಾಕರ್ ಕೊಡುವಾಗ ಅವ್ವನ ಹೆಸರಿನಲ್ಲಿ 25,000ದ ಎಫ್‌ಡಿ ಇಡಿಸಿಕೊಂಡಿದ್ದರು, ಬಾಡಿಗೆ ಬಾರದಿದ್ದರೆ ಭದ್ರತೆಗೆ ಅಂತ. ಅದು ತಾನಾಗಿಯೇ ನವೀಕರಣ ಆಗುತ್ತಾ ಬಂದು ನಮಗೇ ಮರೆತುಹೋಗಿತ್ತು. ಮೊನ್ನೆ ಮುರಿಸಲು ಹೋದರೆ ಲೀನ್ ಇದೆ, ಅಂದರೆ ಲಾಕರಿಗೆ ಅಂತ ಬ್ಯಾಂಕು ಆ ಹಣ ಹಿಡಿದಿಟ್ಟಿದೆ, ಆಗಲ್ಲ ಅಂದರು. ಯಾವ ಲಾಕರಿಗೆ ಲೀನ್? ಇಲ್ಲದ ಲಾಕರಿಗೆ. ಸರೆಂಡರ್ ಮಾಡಿದವರು ಅದನ್ನು ತೆಗೆಯಲು ಮರೆತಿದ್ದಾರೆ. ಅವ್ವ ಅಲ್ಲೇ ಬೆಂಚಿನ ಮೇಲೆ ಕೂತು ಮತ್ತೊಂದು ಅರ್ಜಿಗೆ ಸಹಿ ಹಾಕಿದಳು, ಎರಡು ಪ್ರತಿ. 'ಸೀಲು ಹಾಕುಸ್ಕೊಂಡ್ಯೇನ್ಲಾ' ಅಂತ ಈ ಸಲ ಅವಳೇ ಕೇಳಿದಳು.