ಸ್ವೆಟರಿಗೆ, ರೇಷ್ಮೆಗೆ ಬೇರೆ ಲಿಕ್ವಿಡ್ ಬೇಕಾ? ನಾಲ್ಕು ವರ್ಷ ಕೈಯಲ್ಲಿ ಒಗೆದ ಮೇಲೆ

ಅಪ್ಪನಿಗೆ ಅಮ್ಮ ಹೆಣೆದುಕೊಟ್ಟಿದ್ದ ಬೂದು ಬಣ್ಣದ ಸ್ವೆಟರನ್ನು ನಾನೇ ಹಾಳು ಮಾಡಿದೆ. ಹಂಡೆಯ ಬಿಸಿನೀರಿಗೆ ಒಂದು ಹಿಡಿ ಸೋಪಿನ ಪುಡಿ ಹಾಕಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಲ್ಲಿನ ಮೇಲೆ ಉಜ್ಜಿದೆ. ಒಣಗಿದ ಮೇಲೆ ಅದು ಕಂಬಳಿಯಷ್ಟು ಗಟ್ಟಿಯಾಗಿತ್ತು, ನನ್ನ ಹತ್ತು ವರ್ಷದ ಮಗನಿಗೆ ಸರಿಯಾಗಿತ್ತು! ಅಂದಿನಿಂದ ಉಲ್ಲನ್ ಬಟ್ಟೆಯ ಲಿಕ್ವಿಡ್ ತರುತ್ತಿದ್ದೇನೆ. ಈವರೆಗೆ ಮೂರು ಕಂಪನಿಯದ್ದು ಬಳಸಿದ್ದೇನೆ. ಯಾವ ಕಂಪನಿ ಅನ್ನುವುದಕ್ಕಿಂತ ಏನು ನೋಡಿ ತರಬೇಕು ಅನ್ನುವುದೇ ಮುಖ್ಯ ಅಂತ ಕಂಡಿದ್ದರಿಂದ ಹೆಸರು ಬರೆಯುತ್ತಿಲ್ಲ.

ಮೊದಲು ಒಂದು ಮಾತು. ಸ್ವೆಟರ್ ಕುಗ್ಗಿದ್ದಕ್ಕೆ ನಾನು ಪುಡಿಯನ್ನೇ ಬೈದಿದ್ದೆ. ಅದು ಅರ್ಧ ಮಾತ್ರ ನಿಜ. ಆಮೇಲೆ ಉಳಿದ ಅದೇ ಉಣ್ಣೆಯಲ್ಲಿ ಅಂಗೈ ಅಗಲದ ಮೂರು ಚೌಕ ಹೆಣೆದು ಪರೀಕ್ಷೆ ಮಾಡಿದೆ. ಒಂದನ್ನು ತಣ್ಣೀರಿನಲ್ಲಿ ಲಿಕ್ವಿಡ್ ಹಾಕಿ ಮೆಲ್ಲಗೆ ಅದುಮಿ ತೊಳೆದೆ. ಇನ್ನೊಂದನ್ನು ಹಾಗೆಯೇ, ಆದರೆ ಪುಡಿಯಲ್ಲಿ. ಮೂರನೆಯದಕ್ಕೆ ಲಿಕ್ವಿಡ್ಡೇ, ಆದರೆ ಬಿಸಿನೀರು, ಜೊತೆಗೆ ಚೆನ್ನಾಗಿ ಉಜ್ಜಾಟ. ಹತ್ತು ಒಗೆತದ ನಂತರ ಎಲ್ಲಕ್ಕಿಂತ ಕುಗ್ಗಿದ್ದು ಮೂರನೆಯದೇ. ಉಣ್ಣೆಯ ಎಳೆಯ ಮೇಲೆ ಮೀನಿಗಿರುವಂಥ ಸಣ್ಣ ಹೊಪ್ಪಳಿಕೆಗಳಿರುತ್ತವೆ. ಒದ್ದೆಯಾಗಿದ್ದಾಗ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ, ಮತ್ತೆ ಬಿಡುವುದಿಲ್ಲ. ದುಬಾರಿ ಲಿಕ್ವಿಡ್ ತಂದು ಕಲ್ಲಿಗೆ ಉಜ್ಜಿದರೆ ದುಡ್ಡು ದಂಡ.

ಪುಡಿಯಲ್ಲಿ ತೊಳೆದ ಚೌಕ ಅಷ್ಟೇನೂ ಕುಗ್ಗಿರಲಿಲ್ಲ. ಆದರೆ ಐದಾರು ಒಗೆತದ ಹೊತ್ತಿಗೆ ಕೈಗೆ ಒರಟಾಗಿ, ಕತ್ತಿನ ಹತ್ತಿರ ಹಿಡಿದರೆ ಚುಚ್ಚುವಂತಾಯಿತು. ಪುಡಿಯಲ್ಲಿ ಸೋಡಾ ಇರುತ್ತದೆ. ಹತ್ತಿಗೆ ಅದರಿಂದ ತೊಂದರೆಯಿಲ್ಲ. ಉಣ್ಣೆ, ರೇಷ್ಮೆ ಎರಡೂ ನಮ್ಮ ಕೂದಲಿನ ಹಾಗೆ ಪ್ರೋಟೀನು, ಅವಕ್ಕೆ ಸೋಡಾ ಆಗಿಬರುವುದಿಲ್ಲ. ಕೆಲವು ಪುಡಿಗಳಲ್ಲಿ ಕಲೆ ತೆಗೆಯಲು ಎಂಜೈಮ್ ಕೂಡ ಇರುತ್ತದೆ. ರಕ್ತ, ಹಾಲಿನ ಕಲೆಯ ಪ್ರೋಟೀನನ್ನು ಕರಗಿಸುವ ಜಾತಿಯ ಎಂಜೈಮ್ ರಾತ್ರಿಯಿಡೀ ನೆನೆಸಿಟ್ಟರೆ ಉಣ್ಣೆಯನ್ನೂ ತಿನ್ನುತ್ತದೆ.

ಲಿಕ್ವಿಡ್ ನಿಜವಾಗಿ ಮೃದುವೋ ಅಲ್ಲವೋ ಅಂತ ನೋಡಲು ಅಡುಗೆಮನೆಯಲ್ಲೇ ದಾರಿ ಇದೆ. ಅರಿಶಿನ, ಸುಣ್ಣ ಸೇರಿಸಿ ಓಕುಳಿ ಮಾಡುತ್ತೇವಲ್ಲ, ಅದೇ ಲೆಕ್ಕ. ಬಿಳಿ ತಟ್ಟೆಯಲ್ಲಿ ಸ್ವಲ್ಪ ಅರಿಶಿನದ ನೀರಿಟ್ಟು ಒಂದು ಹನಿ ಲಿಕ್ವಿಡ್ ಬಿಡಿ. ಹಳದಿಯೇ ಉಳಿದರೆ ಸೋಡಾದ ಭಯವಿಲ್ಲ. ಕೆಂಪಾದರೆ ಬೇಡ. ಸೋಪಿನ ಪುಡಿ ಹಾಕಿದರೆ ತಕ್ಷಣ ಕುಂಕುಮದ ಹಾಗಾಗುತ್ತದೆ. ‘ನಾಜೂಕು ಬಟ್ಟೆಗೆ’ ಅಂತ ಬರೆದಿದ್ದ ಒಂದು ಅಗ್ಗದ ಬಾಟಲಿಯೂ ಹೀಗೇ ಕೆಂಪಾಯಿತು. ಅದನ್ನು ಕಾಲೊರಸಿಗೆ ಬಳಸಿ ಮುಗಿಸಿದೆ.

ಪುಡಿಗೂ ಲಿಕ್ವಿಡ್‌ಗೂ ಇರುವ ವ್ಯತ್ಯಾಸ ಜಾಸ್ತಿ ಕಾಣುವುದು ರೇಷ್ಮೆಯಲ್ಲಿ. ಜರಿಯಿಲ್ಲದ ಎರಡು ರೇಷ್ಮೆ ರವಿಕೆಗಳಲ್ಲಿ ಒಂದನ್ನು ಮೂರು ಸಲ ಪುಡಿಯಲ್ಲಿ ತೊಳೆದೆ. ಹೊಳಪು ಹೋಗಿ ಹತ್ತಿಯ ಥರ ಮಂಕಾಯಿತು. ಲಿಕ್ವಿಡ್‌ನದ್ದು ನಾಲ್ಕು ವರ್ಷವಾದರೂ ಚೆನ್ನಾಗಿದೆ. ಆದರೆ ಬಣ್ಣ ಬಿಡುವುದನ್ನು ಲಿಕ್ವಿಡ್ ತಡೆಯುವುದಿಲ್ಲ. ಒಳಮಡಿಕೆಯ ಒಂದು ಮೂಲೆ ಒದ್ದೆ ಮಾಡಿ, ಬಿಳಿ ಬಟ್ಟೆ ಒತ್ತಿ ನೋಡಿಯೇ ನೀರಿಗೆ ಹಾಕಬೇಕು. ಅಜ್ಜಿ ರೇಷ್ಮೆಗೆ ಅಂಟುವಾಳದ ಕಾಯಿ ನೆನೆಸಿದ ನೀರು ಬಳಸುತ್ತಿದ್ದರು. ನಾನೂ ಮಾಡಿ ನೋಡಿದೆ, ಕೆಲಸ ಚೆನ್ನಾಗೇ ಆಗುತ್ತದೆ. ತಿಳಿಬಣ್ಣದ ಬಟ್ಟೆಗೆ ಮಾತ್ರ ಸ್ವಲ್ಪ ಕಂದು ಹತ್ತುತ್ತದೆ.

ಲಿಕ್ವಿಡ್‌ನ ದೊಡ್ಡ ಕೊರತೆ ಕಾಲರು, ತೋಳಿನಂಚಿನ ಜಿಡ್ಡು. ಮೃದುವಾದ್ದರಿಂದ ಅದು ಒಂದೇ ಸಲಕ್ಕೆ ಹೋಗುವುದಿಲ್ಲ. ಅಲ್ಲಿಗೆ ಎರಡು ಹನಿ ನೇರವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆರಳಲ್ಲಿ ಒತ್ತುತ್ತೇನೆ. ಜಾಲಿಸುವ ನೀರೂ ಅಷ್ಟೇ ತಣ್ಣಗಿರಬೇಕು. ಹಿಂಡುವುದಿಲ್ಲ. ಒಣ ಟವೆಲಿನಲ್ಲಿ ಚಾಪೆಯ ಹಾಗೆ ಸುತ್ತಿ ಅದುಮಿದರೆ ನೀರು ಟವೆಲಿಗೆ ಇಳಿಯುತ್ತದೆ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಸ್ವೆಟರ್ ಮೊಣಕಾಲಿನವರೆಗೆ ಜಗ್ಗುತ್ತದೆ, ಅದಕ್ಕೇ ನೆರಳಲ್ಲಿ ಚಪ್ಪಟೆಯಾಗಿ ಹರಡುತ್ತೇನೆ. ನಮ್ಮ ಮಲೆನಾಡಿನ ಮಳೆಯಲ್ಲಿ ಇದಕ್ಕೆ ಎರಡು ದಿನ ಬೇಕು.

ಕೊಳ್ಳುವ ಮೊದಲು ನಿಮ್ಮ ಸ್ವೆಟರ್ ಉಣ್ಣೆಯದ್ದೇ ಅಂತ ನೋಡಿಕೊಳ್ಳಿ. ಒಳಗಿನಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ನಮ್ಮ ಮನೆಯ ಏಳರಲ್ಲಿ ಐದು ಅಕ್ರಿಲಿಕ್ಕೇ ಇದ್ದವು. ಅವನ್ನು ಈಗ ತಣ್ಣೀರಿನಲ್ಲಿ ಮಾಮೂಲಿ ಪುಡಿಗೇ ಹಾಕುತ್ತೇನೆ, ಏನೂ ಆಗಿಲ್ಲ. ಹಾಗಾಗಿ ಒಂದು ಬಾಟಲಿ ವರ್ಷವಿಡೀ ಬರುತ್ತದೆ. ಜರಿ ಸೀರೆಗಳು ಮಾತ್ರ ಡ್ರೈ ಕ್ಲೀನಿಂಗ್‌ಗೇ ಹೋಗುತ್ತವೆ, ಅವಕ್ಕೆ ನಾನು ನೀರು ಮುಟ್ಟಿಸುವುದಿಲ್ಲ.