ಗದ್ದ ಊದಿದ ಕುರಿಗೆ ಯಾವ ಔಷಧಿ? ಲಿವರ್ ಹುಳುವಿಗೆ ಎರಡು ಔಷಧಿ ಕೊಟ್ಟು ನೋಡಿದೆ

ನಮ್ಮದು ದಾವಣಗೆರೆ ಕಡೆ, ಭದ್ರಾ ನಾಲೆಯ ಕೊನೆ ಭಾಗದ ಊರು. ಇಪ್ಪತ್ತು ಕುರಿ, ಎರಡು ಹಸು ಇವೆ. ಹೋದ ವರ್ಷ ಅಕ್ಟೋಬರ್ ಕೊನೆಯಲ್ಲಿ ನಾಲ್ಕು ಕುರಿಗಳ ಗದ್ದದ ಕೆಳಗೆ ನೀರಿನ ಚೀಲ ಜೋತುಬಿದ್ದ ಹಾಗೆ ಊತ ಬಂತು. ಸಂಜೆ ಮೇಯ್ದು ಬಂದಾಗ ಜಾಸ್ತಿ, ಬೆಳಿಗ್ಗೆ ಅರ್ಧ ಇಳಿದಿರುತ್ತಿತ್ತು. ದಿನವೆಲ್ಲ ತಲೆ ಬಗ್ಗಿಸಿ ಮೇಯುವಾಗ ನೀರು ಅಲ್ಲಿಗೇ ಇಳಿಯುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಕುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿತ್ತು. ಮುಟ್ಟಿದರೆ ತಣ್ಣಗೆ, ನೋವೂ ಇಲ್ಲ. ಗಳಲೆ ರೋಗವಾದರೆ ಊತ ಬಿಸಿಯಾಗಿರುತ್ತದೆ, ಜೋರು ಜ್ವರ ಇರುತ್ತದೆ. ಆಗ ಒಂದು ಗಂಟೆಯೂ ಕಾಯಬಾರದು.

ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಸುಣ್ಣದ ಹಾಗೆ ಬಿಳಿ. ಲಿವರ್ ಹುಳು ಇರಬೇಕು ಅನ್ನಿಸಿತು. ಆದರೆ ಹೊಟ್ಟೆಯಲ್ಲಿ ರಕ್ತ ಹೀರುವ ದುಂಡು ಹುಳು ಇದ್ದರೂ ಗದ್ದ ಊದುತ್ತದೆ, ರೆಪ್ಪೆ ಬಿಳಿಚುತ್ತದೆ. ಅದಕ್ಕೇ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದೆ. ಸೂಕ್ಷ್ಮದರ್ಶಕದಲ್ಲಿ ಹೊಂಬಣ್ಣದ ದೊಡ್ಡ ಮೊಟ್ಟೆಗಳು ಕಂಡವು. ಲಿವರ್ ಹುಳು ಎಂದು ಖಾತ್ರಿಯಾಯಿತು.

ಡಾಕ್ಟರ ಹತ್ತಿರ ಕೇಳಿಕೊಂಡು ಮಂದೆಯನ್ನು ಎರಡು ಪಾಲು ಮಾಡಿದೆ. ಊದಿದ ಕುರಿಗಳನ್ನೂ ಎರಡೆರಡಾಗಿ ಹಂಚಿದೆ. ಹತ್ತಕ್ಕೆ ಆಕ್ಸಿಕ್ಲೋಜನೈಡ್, ಹತ್ತಕ್ಕೆ ಟ್ರೈಕ್ಲಾಬೆಂಡಜೋಲ್. ಮೊದಲನೆಯದು ಕೆಜಿ ತೂಕಕ್ಕೆ 15 ಮಿಲಿಗ್ರಾಂ, ಎರಡನೆಯದು 10. ಅಂದರೆ 25 ಕೆಜಿ ಕುರಿಗೆ 375 ಮತ್ತು 250 ಮಿಲಿಗ್ರಾಂ. ಕಣ್ಣಂದಾಜು ಬಿಟ್ಟು ತಕ್ಕಡಿಗೆ ಹಾಕಿಯೇ ತೂಗಿದೆ. ನಾನು 20 ಕೆಜಿ ಅಂದುಕೊಂಡಿದ್ದ ಕುರಿ 26 ತೂಗಿತು. ಅಂದಾಜಿನ ಮೇಲೆ ಕೊಟ್ಟಿದ್ದರೆ ಔಷಧಿ ಕಡಿಮೆಯಾಗಿ ಹುಳು ಉಳಿದುಬಿಡುತ್ತಿತ್ತು.

ಮೊದಲ ಎರಡು ವಾರ ಎರಡೂ ಪಾಲು ಒಂದೇ ಥರ ಸುಧಾರಿಸಿದವು. ಆಕ್ಸಿಕ್ಲೋಜನೈಡ್ ಕುಡಿದವು ಎರಡು ದಿನ ತೆಳ್ಳಗೆ ಹಾಕಿದವು, ಅಷ್ಟೇ. ಬೆಲೆಯಲ್ಲೂ ಅದೇ ಕಡಿಮೆ. ಸುಮ್ನೆ ದುಬಾರಿಯದ್ದಕ್ಕೆ ದುಡ್ಡು ಹಾಕಿದೆನಲ್ಲ ಅಂತ ಅನ್ನಿಸಿತ್ತು. ಆದರೆ ಆರನೇ ವಾರಕ್ಕೆ ಆಕ್ಸಿಕ್ಲೋಜನೈಡ್ ಪಾಲಿನ ಮೂರು ಕುರಿಗಳ ಗದ್ದ ಊದಿತು. ಇನ್ನೊಂದು ಪಾಲಿನಲ್ಲಿ ಒಂದೂ ಇಲ್ಲ.

ಎರಡೂ ಪಾಲು ಒಂದೇ ಕಡೆ ಮೇಯುತ್ತಿದ್ದವು. ಹಾಗಾದರೆ ಹೊಸದಾಗಿ ಹುಳು ಹತ್ತಿತೇ? ಇಲ್ಲ. ಹುಲ್ಲಿನ ಜೊತೆ ಒಳಗೆ ಹೋದ ಮರಿಹುಳು ಲಿವರನ್ನು ಕೊರೆಯುತ್ತಾ ಬೆಳೆದು ಪಿತ್ತನಾಳ ಸೇರಿ ಮೊಟ್ಟೆ ಇಡಲು ಮೂರು ತಿಂಗಳ ಮೇಲಾಗುತ್ತದೆ. ಆರು ವಾರಕ್ಕೆ ಊದಿತೆಂದರೆ ಔಷಧಿ ಕೊಟ್ಟ ದಿನವೇ ಅವು ಒಳಗಿದ್ದವು. ಆಕ್ಸಿಕ್ಲೋಜನೈಡ್ ಬಲಿತ ಹುಳುವನ್ನು ಮಾತ್ರ ಕೊಲ್ಲುತ್ತದೆ. ಟ್ರೈಕ್ಲಾಬೆಂಡಜೋಲ್ ಒಂದೆರಡು ವಾರದ ಮರಿಯನ್ನೂ ಬಿಡುವುದಿಲ್ಲ. ಮರಿಹುಳು ಮೊಟ್ಟೆ ಇಡದ ಕಾರಣ ಹಿಕ್ಕೆ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಮಳೆ ಮುಗಿದ ಹೊತ್ತಿನಲ್ಲಿ ಚೆನ್ನಾಗಿದ್ದ ಕುರಿ ಗದ್ದವೂ ಊದದೆ ದಿಢೀರ್ ಸಾಯುವುದಕ್ಕೆ ಲಿವರ್ ಕೊರೆಯುವ ಈ ಮರಿಹುಳುವೂ ಒಂದು ಕಾರಣ.

ಆಲ್ಬೆಂಡಜೋಲ್ ಅನ್ನು ಹಿಂದಿನ ವರ್ಷ ಕೊಟ್ಟಿದ್ದೆ, ಉಪಯೋಗ ಕಾಣಲಿಲ್ಲ. ಮಾಮೂಲಿ ಜಂತಿನ ಪ್ರಮಾಣ ಈ ಹುಳುವಿಗೆ ಸಾಲುವುದಿಲ್ಲ. ಜಾಸ್ತಿ ಕೊಟ್ಟರೂ ಬಲಿತದ್ದಕ್ಕೆ ಮಾತ್ರ, ಗಬ್ಬದ ಮೊದಲ ತಿಂಗಳಲ್ಲಂತೂ ಕೊಡುವಂತಿಲ್ಲ. ಐವರ್ಮೆಕ್ಟಿನ್ ಇದಕ್ಕೆ ಕೆಲಸವೇ ಮಾಡುವುದಿಲ್ಲ.

ಹಸುಗಳ ಲೆಕ್ಕ ಬೇರೆ. ಟ್ರೈಕ್ಲಾಬೆಂಡಜೋಲ್ ಹಾಲಿನಲ್ಲಿ ಬಹಳ ದಿನ ಉಳಿಯುವುದರಿಂದ ಕರೆಯುವ ಹಸುವಿಗೆ ಕೊಡಲಿಲ್ಲ. 300 ಕೆಜಿಯ ಹಸು, ಒಂದು ಗ್ರಾಂನ ಆಕ್ಸಿಕ್ಲೋಜನೈಡ್ ಗುಳಿಗೆ ಮೂರು. ಡಾಕ್ಟರು ಹೇಳಿದಷ್ಟು ದಿನ ಹಾಲನ್ನು ಡೇರಿಗೆ ಹಾಕಲಿಲ್ಲ. ಬತ್ತಿದ ಹಸುವಿಗೆ ಮಾತ್ರ ದುಬಾರಿಯದ್ದು.

ಔಷಧಿ ಎಷ್ಟು ಕೊಟ್ಟರೂ ಬಸವನಹುಳು ಇರುವ ತನಕ ಇದು ತಿರುಗಿ ಬರುತ್ತದೆ. ನಾಲೆ ಜಿನುಗುವ ಕಡೆ ಹುಡುಕಿದರೆ ಸಿಗುತ್ತದೆ: ತೆಳು ಚಿಪ್ಪು, ತಿಳಿ ಕಂದು, ಕಿವಿಯ ಹಾಗೆ ಅಗಲ ಬಾಯಿ. ಚೂಪು ತುದಿ ಮೇಲೆ ಮಾಡಿ ಹಿಡಿದರೆ ಬಾಯಿ ಬಲಕ್ಕೆ ಇರುತ್ತದೆ. ಚಪ್ಪಟೆಯಾಗಿ ಸುರುಳಿ ಸುತ್ತಿದ ಬಸವನಹುಳು ಬೇರೆ, ಗೊರಕೆ ರೋಗ ಹರಡುವುದು ಅದು. ಸಗಣಿಯ ಮೊಟ್ಟೆ ನೀರಿಗೆ ಬಿದ್ದು ಒಡೆದು, ಮರಿ ಈ ಅಗಲ ಬಾಯಿಯದರೊಳಗೆ ಬೆಳೆದು, ಹೊರಬಂದು ನೀರಂಚಿನ ಹುಲ್ಲಿಗೂ ಭತ್ತದ ಬುಡಕ್ಕೂ ಅಂಟಿ ಕೂರುತ್ತದೆ. ಅದಕ್ಕೇ ಈಗ ಹಸಿ ಹುಲ್ಲನ್ನು ಬುಡ ಬಿಟ್ಟು ಕೊಯ್ಯುತ್ತೇವೆ, ಭತ್ತದ ಹುಲ್ಲು ಗರಿಗರಿ ಒಣಗುವ ತನಕ ಹಾಕುವುದಿಲ್ಲ.

ಈ ವರ್ಷ ಕುರಿಗಳಿಗೆ ಅಕ್ಟೋಬರ್‌ನಲ್ಲಿ ಎಲ್ಲಕ್ಕೂ ಟ್ರೈಕ್ಲಾಬೆಂಡಜೋಲ್. ಜನವರಿ ಕೊನೆಗೆ, ಅಷ್ಟರಲ್ಲಿ ಹತ್ತಿದ್ದು ಬಲಿಯುವ ಹೊತ್ತಿಗೆ, ಆಕ್ಸಿಕ್ಲೋಜನೈಡ್. ಮೇ ಕೊನೆಗೆ ಮತ್ತೆ ಅದೇ, ಮುಂಗಾರಿನ ನೀರಿಗೆ ನಮ್ಮ ಹಟ್ಟಿಯಿಂದ ಮೊಟ್ಟೆ ಹೋಗದಿರಲಿ ಅಂತ.